ಆ ‘ಕಣೇ’ ಎಲ್ಲಿ ಹೋಯಿತು?

ಸಂಜೆಯಾದರೆ “ಹೊರಟೆ ಕಣೇ, ಏನಾದ್ರೂ ತರ್ಬೇಕಾ?” ಎಂದು ಯಜಮಾನರ ಮೆಸೇಜು ಬರುತ್ತಿತ್ತು, ಕೊನೆಗೊಂದು ನಗುಮುಖ. ಈಗ ಬರೀ “ಹೊರಟೆ.” ಅಷ್ಟೇ. ಇದನ್ನು ನೋಡಿ ನಿಮಗೆ ಕಸಿವಿಸಿಯಾದರೆ ಅದು ಹುಚ್ಚು ಅನುಮಾನವೇನಲ್ಲ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಮೆಸೇಜುಗಳನ್ನು ತೋರಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಚುಟುಕು ಉತ್ತರದ ಕೊನೆಗೆ ಪೂರ್ಣವಿರಾಮ ಇದ್ದರೆ ಅದು ಅಷ್ಟು ಮನಃಪೂರ್ವಕವಲ್ಲ ಎಂದೇ ಓದಿದವರಿಗೆ ಅನ್ನಿಸಿತ್ತು. ಆದರೆ ಅದು ಓದಿದವರ ಅನಿಸಿಕೆ. ಬರೆದವರ ಮನಸ್ಸಿನಲ್ಲಿ ಏನಿತ್ತೆಂಬುದು ಬೇರೆ ಮಾತು.

ಹಾಗಾಗಿ ಒಂದು ಮೆಸೇಜು ಹಿಡಿದುಕೊಂಡು ಕೊರಗಬೇಡಿ. ನಿಮಗೆ ಬಂದ ಮೆಸೇಜುಗಳನ್ನೇ ಎರಡು ತಿಂಗಳು ಹಿಂದಿನಿಂದ ನೋಡಿ, ಯಾವುದು ಯಾವಾಗ ಬದಲಾಯಿತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವರ ಫೋನ್ ತೆಗೆದು ನೋಡುವ ಅಗತ್ಯವಿಲ್ಲ.

ವಿಜಯನಗರದ ಒಂದು ಮನೆ ಅಂತಿಟ್ಟುಕೊಳ್ಳಿ. ಪೂರ್ಣವಿರಾಮ ಶುರುವಾದದ್ದು ಒಂದೇ ದಿನ, ಹೊಸ ಫೋನ್ ತಂದ ದಿನ. ಎಷ್ಟೋ ಫೋನುಗಳಲ್ಲಿ ಸ್ಪೇಸ್ ಎರಡು ಸಲ ಒತ್ತಿದರೆ ಚುಕ್ಕೆ ತಾನಾಗಿಯೇ ಬೀಳುತ್ತದೆ. ಮನೆಯವರ ಗ್ರೂಪಿನಲ್ಲಿ ಅವರಮ್ಮನಿಗೆ ಬರೆದದ್ದರಲ್ಲೂ ಅದೇ ಚುಕ್ಕೆ ಇದೆ. ಅಂದಮೇಲೆ ಅದು ಹೆಂಡತಿ ಮೇಲಿನ ಸಿಟ್ಟಲ್ಲ. ನಗುಮುಖ ಮಾಯವಾದದ್ದು ಎರಡು ವಾರದ ನಂತರ, ಅದೂ ಸಂಜೆ ಮಾತ್ರ. ಅಷ್ಟರಲ್ಲಿ ಆಫೀಸು ವೈಟ್‌ಫೀಲ್ಡಿಗೆ ಹೋಗಿತ್ತು. ನೇರಳೆ ಮಾರ್ಗದ ಮೆಟ್ರೋದಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವರು ಚಿತ್ರ ಹುಡುಕುತ್ತಾರೆಯೇ? ಮಧ್ಯಾಹ್ನದ ಮೆಸೇಜಿನಲ್ಲಿ ನಗುಮುಖ ಹಾಗೇ ಇದೆ.

ಆದರೆ ‘ಕಣೇ’ ಹೋದ ರೀತಿಯೇ ಬೇರೆ. ಐದಾರು ವಾರದಲ್ಲಿ ಅದು ದಿನಾ ಇದ್ದದ್ದು ವಾರಕ್ಕೆರಡಾಗಿ, ಆಮೇಲೆ ನಿಂತೇಹೋಯಿತು. ಅದರ ಜೊತೆಗೇ “ಏನು ತರ್ಲಿ?”, “ಊಟ ಆಯ್ತಾ?” ಎಂಬ ಪ್ರಶ್ನೆಗಳೂ ನಿಂತವು. ಮಧ್ಯಾಹ್ನವೂ ಇಲ್ಲ, ರಜದಲ್ಲೂ ಇಲ್ಲ. ಇದಕ್ಕೆ ಫೋನೂ ಕಾರಣವಲ್ಲ, ಮೆಟ್ರೋನೂ ಅಲ್ಲ. ಮಾತಾಡಬೇಕಾದ್ದು ಇದರ ಬಗ್ಗೆ. ಕಾರಣ ಸಾಲವೋ, ಕೆಲಸದ ಭಯವೋ, ನಿಮ್ಮ ಮೇಲಿನ ಮುನಿಸೋ, ಇನ್ನೇನೋ, ಅದನ್ನು ಮೆಸೇಜು ಹೇಳುವುದಿಲ್ಲ.

“ಯಾಕ್ರೀ ಸ್ಮೈಲಿ ಹಾಕಲ್ಲ?” ಎಂದು ಮಾತ್ರ ಕೇಳಬೇಡಿ. ನಾಳೆಯಿಂದ ಲೆಕ್ಕಕ್ಕೆ ಸ್ಮೈಲಿ ಬರುತ್ತದೆ, ನಿಮಗಿದ್ದ ಸುಳಿವೂ ಹೋಗುತ್ತದೆ. ಮಕ್ಕಳು ಮಲಗಿದ ಮೇಲೆ, ಫೋನ್ ಪಕ್ಕಕ್ಕಿಟ್ಟು, “ಒಂದು ತಿಂಗಳಿಂದ ನೀವು ನನ್ನನ್ನ ಏನೂ ಕೇಳ್ತಾ ಇಲ್ಲ. ತಲೇಲಿ ಏನೋ ಓಡ್ತಿದ್ಯಾ?” ಅನ್ನಿ. ಆಮೇಲೆ ಸುಮ್ಮನಿದ್ದು, ಅವರಿಗೆ ಹೇಳಲು ಪುರುಸೊತ್ತು ಕೊಡಿ. ಊಟ, ನಿದ್ದೆಯೂ ಎರಡು ವಾರದಿಂದ ಕೆಟ್ಟಿದ್ದರೆ ಸರ್ಕಾರದ ‘ಟೆಲಿ ಮಾನಸ್’ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಬಹುದು.

“ಏನಿಲ್ಲ ಬಿಡು” ಎಂಬ ಉತ್ತರ ಬಂದರೆ ಅವತ್ತಿಗೆ ಬಿಟ್ಟುಬಿಡಿ. ಮುಂದಿನ ವಾರಗಳಲ್ಲಿ ನಗುಮುಖ ಎಣಿಸುತ್ತಾ ಕೂರಬೇಡಿ. “ಊಟ ಆಯ್ತಾ?” ಮತ್ತೆ ಬಂತಾ, ಅದನ್ನು ನೋಡಿ.