ಪದಬಂಧದ ಸುಳಿವು ಎಲ್ಲಿರಬೇಕು?

7ನೇ ತರಗತಿಯಲ್ಲಿ ‘ಸಸ್ಯಗಳಲ್ಲಿ ಪೋಷಣೆ’ ಪಾಠ ಮುಗಿದಿದೆ. ಪುನರಾವರ್ತನೆಗೆಂದು ಕೊಟ್ಟ ಪದಬಂಧವನ್ನು ಮಕ್ಕಳು ಖುಷಿಯಿಂದ ಬೇಗನೆ ತುಂಬಿ ಕೊಡುತ್ತಾರೆ. ಎಲ್ಲ ಚೌಕಗಳೂ ಸರಿ. ಹಾಗಾದರೆ ಪಾಠ ತಲೆಗೆ ಹೋಗಿದೆ ಎನ್ನಬಹುದೇ? ಚೌಕ ಯಾವ ದಾರಿಯಿಂದ ತುಂಬಿತು ಎಂದು ನೋಡದೆ ಹಾಗೆನ್ನುವುದು ತಪ್ಪು ಎಂಬುದು ನನ್ನ ವಾದ. ಅರ್ಥ ಹೊಳೆದು ಪದ ಬರಬಹುದು. ಬರೀ ಚೌಕ ಎಣಿಸಿಯೂ ಬರಬಹುದು. ವಿಜ್ಞಾನ ಇರುವುದು ಮೊದಲ ದಾರಿಯಲ್ಲಿ ಮಾತ್ರ.

ಸ್ವಪೋಷಕ, ಪರಪೋಷಕ ಎಂಬ ಜೋಡಿಯನ್ನೇ ನೋಡಿ. ಕನ್ನಡ ಪದಬಂಧದಲ್ಲಿ ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿದ ಒಂದು ಅಕ್ಷರಕ್ಕೆ ಒಂದು ಚೌಕ. ಆ ಲೆಕ್ಕದಲ್ಲಿ ಮೊದಲನೆಯದು 4 ಚೌಕ, ಎರಡನೆಯದು 5. ಎರಡನ್ನೂ ಒಂದೇ ಪದಬಂಧದಲ್ಲಿ ಇಟ್ಟರೆ ಮಗು ಸುಳಿವನ್ನು ಓದುವುದೇ ಇಲ್ಲ, ಚೌಕ ಎಣಿಸಿ ಬರೆದುಬಿಡುತ್ತದೆ. ಯಾವುದು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ಯೋಚಿಸಬೇಕಾದ ಅಗತ್ಯವೇ ಬರಲಿಲ್ಲ. ಪುಟದ ಕೆಳಗೆ ಉತ್ತರಗಳ ಪಟ್ಟಿಯನ್ನೂ ಕೊಟ್ಟರಂತೂ ಅದು ಬರೀ ಹೊಂದಿಸಿ ಬರೆಯುವ ಕೆಲಸ.

ಅದರ ಬದಲು ಪರಪೋಷಕ ಮತ್ತು ಪರಾವಲಂಬಿ ಪದಗಳನ್ನು ಆರಿಸೋಣ. ಎರಡೂ 5 ಚೌಕ, ಎರಡೂ ‘ಪ’ದಿಂದ ಶುರು. ಒಂದೇ ‘ಪ’ ಚೌಕದಿಂದ ಪರಪೋಷಕ ಎಡದಿಂದ ಬಲಕ್ಕೆ ಹೋಗಲಿ, ಪರಾವಲಂಬಿ ಮೇಲಿನಿಂದ ಕೆಳಕ್ಕೆ ಇಳಿಯಲಿ. ಈಗ ಎಣಿಕೆ ನೆರವಿಗೆ ಬರುವುದಿಲ್ಲ. ಸುಳಿವುಗಳು ಹೀಗಿರಬಹುದು. ಎಡದಿಂದ ಬಲಕ್ಕೆ: ಹಸು, ಮನುಷ್ಯ, ಅಣಬೆ ಮೂರಕ್ಕೂ ಒಪ್ಪುವ ಹೆಸರು. ಮೇಲಿನಿಂದ ಕೆಳಕ್ಕೆ: ಹಳದಿ ದಾರದಂತೆ ಇನ್ನೊಂದು ಗಿಡವನ್ನು ಸುತ್ತಿಕೊಂಡು ಅದರ ಆಹಾರವನ್ನೇ ಹೀರುವ ಕಸ್ಕ್ಯೂಟ ಇಂಥ ಸಸ್ಯ. ಎರಡನೆಯ ಸುಳಿವಿಗೆ ಪರಪೋಷಕ ಎಂದು ಬರೆಯಲು ಹೊರಟ ಮಗು ತಪ್ಪು ಯೋಚಿಸಿದೆ ಎನ್ನಲಾಗದು, ಕಸ್ಕ್ಯೂಟ ಪರಪೋಷಕವೂ ಹೌದು. ಆದರೆ ಹಸುವನ್ನು ಪರಾವಲಂಬಿ ಎನ್ನಲು ಬರುವುದಿಲ್ಲ. ಕಸ್ಕ್ಯೂಟದಂಥ ಪರಾವಲಂಬಿಗಳೆಲ್ಲ ಪರಪೋಷಕಗಳು, ಪರಪೋಷಕಗಳೆಲ್ಲ ಪರಾವಲಂಬಿಗಳಲ್ಲ ಎಂಬ ತಿಳಿವಳಿಕೆ ಬಂದಾಗಲೇ ಎರಡೂ ತಮ್ಮ ಜಾಗಕ್ಕೆ ಕೂರುತ್ತವೆ.

ಅದಲು ಬದಲಾದರೆ ಮಗುವಿಗೆ ಗೊತ್ತಾಗುವುದು ಹೇಗೆ? ಪರಾವಲಂಬಿಯ ಕೊನೆಯ ‘ಬಿ’ಯನ್ನು ಅಡ್ಡಲಾಗಿ ಹಾಯುವಂತೆ ರೈಜೋಬಿಯಂ ಇಡಬೇಕು. ಅದರ ಸುಳಿವು: ಶೇಂಗಾ ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯ. ಪರಪೋಷಕದ ಕೊನೆಯ ‘ಕ’ ಚೌಕಕ್ಕೆ ಮೇಲಿನಿಂದ ಸಾರಜನಕ ಬಂದು ಮುಗಿಯಲಿ: ಗಾಳಿಯಲ್ಲಿ ಶೇಕಡಾ 78ರಷ್ಟು ಇದ್ದರೂ ಗಿಡ ನೇರವಾಗಿ ಬಳಸಿಕೊಳ್ಳಲಾರದ ಅನಿಲ. ಅದಲು ಬದಲಾದರೆ ಎರಡು ಕಡೆಯೂ ಅಕ್ಷರ ಕೂಡುವುದಿಲ್ಲ, ಶಿಕ್ಷಕರು ಬಾಯಿ ತೆರೆಯುವ ಮೊದಲೇ ಮಗು ತನ್ನ ಉತ್ತರವನ್ನು ಮತ್ತೆ ಯೋಚಿಸುತ್ತದೆ. ಪದಗಳು ಒಂದನ್ನೊಂದು ಹಾಯುವುದರ ನಿಜವಾದ ಉಪಯೋಗ ಇದು. ಉತ್ತರ ಹೇಳಿಕೊಡುವುದಲ್ಲ, ಬಂದ ಉತ್ತರವನ್ನು ಪರೀಕ್ಷಿಸುವುದು.

ಕನ್ನಡದಲ್ಲಿ ಇಂಥ ಹಾಯುವಿಕೆ ಸುಲಭವಾಗಿ ಸಿಗುವುದಿಲ್ಲ. ಗುಣಿತ, ಒತ್ತು ಸಮೇತ ಇಡೀ ಅಕ್ಷರ ಹೊಂದಬೇಕು. ದ್ಯುತಿಸಂಶ್ಲೇಷಣೆಯ 6 ಚೌಕಗಳಲ್ಲಿ ಸುಲಭವಾಗಿ ಜೊತೆ ಸಿಗುವುದು ‘ಷ’, ‘ಣೆ’ಗಳಿಗೆ ಮಾತ್ರ, ‘ದ್ಯು’, ‘ಶ್ಲೇ’ ಇರುವ ಇನ್ನೊಂದು ಪದ ಆ ಪಾಠದಲ್ಲಿ ಹುಡುಕಿದರೂ ಸಿಗದು. ಆದ್ದರಿಂದ ಒಂದು ಪಾಠಕ್ಕೆ ಎಂಟು ಹತ್ತು ಪದಗಳ ವಿರಳ ಬಂಧ ಸಾಕು. ಚೌಕ ತುಂಬಿಸಲೆಂದೇ ಪಾಠಕ್ಕೆ ಸಂಬಂಧವಿಲ್ಲದ ಪದ ತಂದು ಸೇರಿಸಬಾರದು. ಸಂಯುಕ್ತಾಕ್ಷರಕ್ಕೂ ಒಂದೇ ಚೌಕ ಎಂದು ಮೇಲೆ ಒಂದು ಪದ ತುಂಬಿ ತೋರಿಸಿರಬೇಕು. ಇಲ್ಲದಿದ್ದರೆ ಉತ್ತರ ಗೊತ್ತಿದ್ದೂ ಮಗು ಬಿಡಿಸಿ ಬರೆದು ತಪ್ಪುತ್ತದೆ.

ಸುಳಿವಿನ ವಾಕ್ಯ ಪುಸ್ತಕದ ವ್ಯಾಖ್ಯೆಯಾಗಿದ್ದರೆ ಬಾಯಿಪಾಠ ಮಾಡಿದವರೇ ಗೆಲ್ಲುತ್ತಾರೆ, ಆದ್ದರಿಂದ ಕಣ್ಣಿಗೆ ಕಂಡದ್ದನ್ನೇ ಸುಳಿವಾಗಿಸಬೇಕು. ಇಲ್ಲೂ ಎಚ್ಚರ ಬೇಕು. ಮಾವಿನ ಮರದ ಬಂದಳಿಕೆ ನಮ್ಮ ಮಕ್ಕಳಿಗೆ ಪರಿಚಿತ, ಪರಾವಲಂಬಿಗೆ ಅದನ್ನೇ ಕೊಡೋಣ ಎನಿಸುತ್ತದೆ. ಆದರೆ ಬಂದಳಿಕೆಗೆ ಹಸಿರೆಲೆ ಇದೆ. ನೀರು, ಲವಣ ಮರದಿಂದ ಹೀರಿದರೂ ಆಹಾರವನ್ನು ಬಹುಮಟ್ಟಿಗೆ ತಾನೇ ತಯಾರಿಸುತ್ತದೆ. ಚುರುಕಾದ ಹುಡುಗಿಯೊಬ್ಬಳು ಅದನ್ನು ಸ್ವಪೋಷಕ ಎಂದರೆ ತಪ್ಪೆನ್ನಲು ಬರುವುದಿಲ್ಲ. ಅದು ತರಗತಿಯ ಚರ್ಚೆಗೆ ಒಳ್ಳೆಯ ವಿಷಯ, ಒಂದೇ ಉತ್ತರ ಬೇಡುವ ಚೌಕಕ್ಕಲ್ಲ.

ಅಕ್ಷರರಾಶಿಯಲ್ಲಿ ಪದ ಹುಡುಕುವ ಆಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪದಗಳ ಪಟ್ಟಿ ಪಕ್ಕದಲ್ಲೇ ಇದ್ದರೆ ಅದು ಕಣ್ಣಿನ ಕೆಲಸ. ಒತ್ತಕ್ಷರ ತಡವರಿಸುವ ಮಕ್ಕಳಿಗೆ ಕಾಗುಣಿತ ಗಟ್ಟಿಯಾದೀತು, ಅಷ್ಟೇ.

ಅರ್ಥವಾಗಿದೆಯೇ ಎಂದು ತಿಳಿಯಲು ಒಂದು ವಾರ ಬಿಟ್ಟು ಪದಬಂಧವನ್ನು ತಿರುಗಿಸಿ ಕೊಡಬೇಕು: ಚೌಕಗಳು ತುಂಬಿರುತ್ತವೆ, ಸುಳಿವನ್ನು ಮಕ್ಕಳು ಬರೆಯಬೇಕು. ದ್ಯುತಿಸಂಶ್ಲೇಷಣೆಗೆ ‘ಗಿಡ ಉಸಿರಾಡುವ ಕ್ರಿಯೆ’ ಎಂದೋ ‘ಬೇರು ಮಣ್ಣಿನಿಂದ ಆಹಾರ ತೆಗೆದುಕೊಳ್ಳುವುದು’ ಎಂದೋ ಬರೆದ ಮಗು ಹಿಂದಿನ ವಾರ ಆ 6 ಚೌಕಗಳನ್ನು ಒಂದೂ ತಪ್ಪಿಲ್ಲದೆ ತುಂಬಿದ್ದಿರಬಹುದು. ಶಿಕ್ಷಕರು ಮರುದಿನ ಪಾಠದ ಯಾವ ಭಾಗಕ್ಕೆ ಹಿಂತಿರುಗಬೇಕು ಎಂಬುದನ್ನು ಈ ಎರಡನೆಯ ಹಾಳೆ ತೋರಿಸುತ್ತದೆ.