ಗಡಿಯಾರ ಒಂದೇ, ಸೂರ್ಯೋದಯ ಬೇರೆ ಬೇರೆ

ನಮಾಝ್ ವಿಶ್ವಾಸಿಗಳ ಮೇಲೆ ಸಮಯ ನಿಗದಿಪಡಿಸಲಾದ ಕಡ್ಡಾಯ ಕರ್ಮವೆಂದು ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 103ನೇ ಸೂಕ್ತ ತಿಳಿಸುತ್ತದೆ. ಆ ಸಮಯವನ್ನು ನಿಗದಿಪಡಿಸುವುದು ಸೂರ್ಯನ ಚಲನೆಯೇ ಹೊರತು ಗೋಡೆಯ ಮೇಲಿನ ಗಡಿಯಾರವಲ್ಲ. ಆದರೂ ಕಡೂರು, ತರೀಕೆರೆ, ಅಜ್ಜಂಪುರಗಳ ಎಷ್ಟೋ ಮನೆಗಳಲ್ಲಿ ಬೆಂಗಳೂರಿನ ವೇಳಾಪಟ್ಟಿಯೇ ಗೋಡೆಗೆ ತೂಗುತ್ತಿರುತ್ತದೆ. ಭಾರತಕ್ಕೆಲ್ಲ ಒಂದೇ ಸಮಯವಲ್ಲವೇ ಎಂಬುದು ಅದಕ್ಕೆ ಕೊಡುವ ಸಮರ್ಥನೆ. ಸಮಯ ಒಂದೇ ಹೌದು, ಸೂರ್ಯೋದಯ ಮಾತ್ರ ಒಂದೇ ಅಲ್ಲ.

ಭೂಮಿಯು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ ನಾಲ್ಕು ನಿಮಿಷ. ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವದ ಊರು ಮೊದಲು ಬೆಳಕು ಕಾಣುತ್ತದೆ. ಒಂದು ಊರು ಎಷ್ಟು ಪೂರ್ವಕ್ಕಿದೆ ಎಂಬುದನ್ನು ಹೇಳುವ ಅಳತೆಯೇ ರೇಖಾಂಶ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಸಮಯವು ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ಮಿರ್ಜಾಪುರದ ಬಳಿ ಹಾದುಹೋಗುವ ಆ ರೇಖೆಯ ಮೇಲಿರುವವರಿಗಷ್ಟೇ ಗಡಿಯಾರ ಮತ್ತು ಸೂರ್ಯ ಬಹುಮಟ್ಟಿಗೆ ಹೊಂದುತ್ತವೆ. ಉಳಿದ ನಾವೆಲ್ಲ ಎರವಲು ಗಡಿಯಾರದಲ್ಲಿ ಬದುಕುವವರು. ಕಲ್ಕತ್ತಾ ನಗರವಂತೂ 1948ರವರೆಗೆ ತನ್ನದೇ ಸಮಯವನ್ನು ಉಳಿಸಿಕೊಂಡಿತ್ತು.

ಕಡೂರು ಸುಮಾರು 76 ಡಿಗ್ರಿಯಲ್ಲಿದೆ, ಕೋಲ್ಕತ್ತಾ 88 ಡಿಗ್ರಿಯನ್ನೂ ದಾಟಿದೆ. ನಡುವಣ ಅಂತರ ಹನ್ನೆರಡು ಡಿಗ್ರಿಗೆ ತುಸು ಹೆಚ್ಚು. ನಾಲ್ಕರಿಂದ ಗುಣಿಸಿದರೆ ಸುಮಾರು 49 ನಿಮಿಷ. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರ ಸುಮಾರಿಗೆ ಕೋಲ್ಕತ್ತಾದಲ್ಲಿ 5:40ರ ಹೊತ್ತಿಗೆ ಸೂರ್ಯ ಉದಯಿಸಿದರೆ, ಕಡೂರಿನಲ್ಲಿ 6:30ರ ಹೊತ್ತಿಗೆ. ಎರಡೂ ಕಡೆ ಗಡಿಯಾರ ತೋರಿಸುವುದು ಒಂದೇ ಸಮಯವಾದರೂ ಅಲ್ಲಿ ಬಿಸಿಲೇರಿರುವಾಗ ಇಲ್ಲಿ ಫಜ್ರ್ ನಮಾಝ್‌ಗೆ ಇನ್ನೂ ಅವಕಾಶವಿರುತ್ತದೆ.

ಈ 49 ನಿಮಿಷ ವರ್ಷವಿಡೀ ಹಾಗೆಯೇ ಇರುವುದಿಲ್ಲ. ಕೋಲ್ಕತ್ತಾ ನಮಗಿಂತ ಉತ್ತರಕ್ಕೂ ಇರುವುದರಿಂದ ಬೇಸಿಗೆಯಲ್ಲಿ ಅಲ್ಲಿ ಹಗಲು ನಮ್ಮದಕ್ಕಿಂತ ದೀರ್ಘ, ಚಳಿಗಾಲದಲ್ಲಿ ಹ್ರಸ್ವ. ಹಾಗಾಗಿ ಸೂರ್ಯೋದಯದ ಅಂತರವು ಜೂನ್‌ನಲ್ಲಿ ಒಂದು ಗಂಟೆಯನ್ನು ಮೀರುತ್ತದೆ, ಡಿಸೆಂಬರ್‌ನಲ್ಲಿ ಅರ್ಧ ಗಂಟೆಯ ಆಸುಪಾಸಿಗೆ ಇಳಿಯುತ್ತದೆ. ಅದು ಅಕ್ಷಾಂಶದ ಕೆಲಸ. ಆಧಾರವಾಗಿ ನಿಲ್ಲುವುದು ರೇಖಾಂಶವೇ.

ಕೋಲ್ಕತ್ತಾದ ವೇಳಾಪಟ್ಟಿಯನ್ನು ನಮ್ಮಲ್ಲಿ ಯಾರೂ ಅನುಸರಿಸುವುದಿಲ್ಲ ನಿಜ. ಅಷ್ಟು ದೊಡ್ಡ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನನ್ನ ಆತಂಕವಿರುವುದು ಕಣ್ಣಿಗೆ ಕಾಣದ ಸಣ್ಣ ವ್ಯತ್ಯಾಸದ ಬಗ್ಗೆ. ಬೆಂಗಳೂರು ಕಡೂರಿಗಿಂತ ಒಂದೂವರೆ ಡಿಗ್ರಿಗೆ ತುಸು ಹೆಚ್ಚು ಪೂರ್ವಕ್ಕಿದೆ, ಅಂದರೆ ಸುಮಾರು ಆರು ನಿಮಿಷ. ರಮಝಾನ್‌ನಲ್ಲಿ ಬೆಂಗಳೂರಿನ ಮಗ್ರಿಬ್ ಅಝಾನನ್ನು ಟಿ.ವಿ.ಯಲ್ಲಿ ಕೇಳಿ ಕಡೂರಿನಲ್ಲಿ ಖರ್ಜೂರ ಬಾಯಿಗಿಟ್ಟರೆ, ಆ ಗಳಿಗೆಯಲ್ಲಿ ಇಲ್ಲಿ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ದಿನವಿಡೀ ಹಸಿದು ಬಾಯಾರಿ ಕಾಪಾಡಿಕೊಂಡ ಉಪವಾಸವು ಕೊನೆಯ ಆರು ನಿಮಿಷದಲ್ಲಿ ಕೈಜಾರುತ್ತದೆ. ಬೆಂಗಳೂರಿನ ಪಟ್ಟಿಯಿಂದ ಸಹರಿಗೆ ತೊಂದರೆಯಿಲ್ಲ, ಊಟ ಬೇಗನೆ ಮುಗಿಯುತ್ತದೆ ಅಷ್ಟೆ. ಆದರೆ ಆ ಪಟ್ಟಿಯ ಫಜ್ರ್ ಸಮಯಕ್ಕೇ ನಮಾಝ್‌ಗೆ ನಿಂತರೆ ಅದು ವೇಳೆಗೆ ಮುಂಚಿನ ನಮಾಝ್ ಆಗುತ್ತದೆ. ಮಂಗಳೂರಿನ ಪಟ್ಟಿಯಿಂದ ಆಗುವುದು ಇದಕ್ಕೆ ತದ್ವಿರುದ್ಧ. ಅದು ನಮಗಿಂತ ಪಶ್ಚಿಮಕ್ಕಿರುವುದರಿಂದ ಇಫ್ತಾರ್ ತಡವಾಗುತ್ತದೆ. ಸಹರಿಯಲ್ಲಿ ಮಾತ್ರ ನಮ್ಮಲ್ಲಿ ಫಜ್ರ್ ಆರಂಭವಾದ ಬಳಿಕವೂ ನಾಲ್ಕೂವರೆ ನಿಮಿಷದಷ್ಟು ಕಾಲ ತಿನ್ನುತ್ತಿರುವ ಅಪಾಯವಿದೆ. ಮೊಬೈಲ್‌ನಲ್ಲಿ ನಮಾಝ್ ಸಮಯ ನೋಡುವವರು ಅಲ್ಲಿ ಯಾವ ಊರಿನ ಹೆಸರಿದೆ ಎಂದು ಒಮ್ಮೆ ಗಮನಿಸಲಿ. ಬೆಂಗಳೂರು ಎಂದಿದ್ದರೆ ಅದೇ ಆರು ನಿಮಿಷದ ದೋಷ ಕಿಸೆಯಲ್ಲಿಯೂ ಇದೆ.

ಹಾಗಾದರೆ ಊರಿಗೊಂದು ಪಟ್ಟಿ ಬೇಕೇ? ಅಷ್ಟೊಂದು ಬೇಡ. ಅಜ್ಜಂಪುರವು ಕಡೂರಿನ ಉತ್ತರಕ್ಕೆ, ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿದೆ. ಎರಡಕ್ಕೂ ಒಂದೇ ಲೆಕ್ಕ ಸಾಕು. ತರೀಕೆರೆ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಪಶ್ಚಿಮಕ್ಕಿದೆ, ಅಂದರೆ ಒಂದು ನಿಮಿಷಕ್ಕೂ ಕಡಿಮೆ. ಮೂರೂ ಊರುಗಳ ಜಮಾಅತ್‌ಗಳು ಕೂಡಿ ಒಂದೇ ಪಟ್ಟಿ ಮುದ್ರಿಸಬಹುದು. ಅದರಲ್ಲಿ ಸಹರಿಯ ಕೊನೆಯ ವೇಳೆಯನ್ನು ಕಡೂರಿನಿಂದಲೂ ಫಜ್ರ್ ಮತ್ತು ಇಫ್ತಾರ್ ವೇಳೆಗಳನ್ನು ತರೀಕೆರೆಯಿಂದಲೂ ಲೆಕ್ಕ ಹಾಕಿದರೆ ಯಾರ ಉಪವಾಸಕ್ಕೂ ಧಕ್ಕೆಯಾಗದು.

ಪಟ್ಟಿಯನ್ನು ಕಣ್ಣಾರೆ ಪರೀಕ್ಷಿಸಬಯಸುವವರು ಒಂದು ಎಚ್ಚರ ವಹಿಸಬೇಕು. ಗುಡ್ಡಗಳು ಪಶ್ಚಿಮವನ್ನು ಮರೆಮಾಡಿರುವ ಕಡೆ ಸೂರ್ಯ ಕಾಣದಾದ ಕೂಡಲೇ ಸೂರ್ಯಾಸ್ತವಾಯಿತೆಂದು ತಿಳಿಯಬಾರದು. ಅವನು ಗುಡ್ಡದ ಮರೆಗೆ ಸರಿದಿರುತ್ತಾನೆಯೇ ಹೊರತು ಮುಳುಗಿರುವುದಿಲ್ಲ. ಅಂತಹ ಕಡೆ ಪ್ರವಾದಿವರ್ಯರು(ಸ) ಕಲಿಸಿದಂತೆ ಪೂರ್ವದತ್ತ ತಿರುಗಿ ನೋಡಬೇಕು: ಇರುಳಿನ ಛಾಯೆ ಮೇಲೇರಿ ಬರುವುದು ಆ ಕಡೆಯಿಂದ.