ಹಣೆಯ ಮೂಲೆ ಖಾಲಿಯಾದರೆ ಮುಂದಿನ ಕೂದಲು ಉದ್ದ ಬಿಡಬೇಕೇ?

ರೋಣ, ನರಗುಂದ, ಗಜೇಂದ್ರಗಡದ ಕಡೆ ಇಪ್ಪತ್ತರ ಆಸುಪಾಸಿನ ಹುಡುಗರ ಹಣೆಯ ಮೂಲೆಗಳು ಖಾಲಿಯಾಗತೊಡಗಿದರೆ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್ ನೀರು. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ, ನಿಜ. ಆದರೆ ಅದೇ ನೀರು ತಲೆಯ ಹಿಂಭಾಗಕ್ಕೂ ಬೀಳುತ್ತದಲ್ಲ, ಅಲ್ಲಿ ಕೂದಲು ದಟ್ಟವಾಗಿಯೇ ಇರುತ್ತದೆ. ಎರಡು ಮೂಲೆಗಳು ಮಾತ್ರ ಹಿಂದೆ ಸರಿಯುತ್ತಿದ್ದರೆ ಕಾರಣ ಹೆಚ್ಚಾಗಿ ಅನುವಂಶೀಯತೆ. ಆ ಜಾಗದ ಕೂದಲಿನ ಬೇರುಗಳು ಡಿಎಚ್‌ಟಿ ಎಂಬ ಹಾರ್ಮೋನಿನಿಂದ ಕುಗ್ಗುತ್ತಾ ಹೋಗುತ್ತವೆ. ಹಾಗಾಗಿ ಪ್ರತಿ ಸಲ ಹುಟ್ಟುವ ಕೂದಲು ಮೊದಲಿಗಿಂತ ತೆಳ್ಳಗೆ, ಗಿಡ್ಡಗೆ ಬರುತ್ತದೆ.

ಇದನ್ನು ಮುಚ್ಚಲು ಬಹುತೇಕರು ಮಾಡುವುದು ಒಂದೇ: ಮುಂದಿನ ಕೂದಲು ಉದ್ದ ಬಿಟ್ಟು, ಎಣ್ಣೆ ಹಚ್ಚಿ, ಒಂದು ಬದಿಗೆ ಬಾಚುವುದು. ಇದು ಉಲ್ಟಾ ಕೆಲಸ ಮಾಡುತ್ತದೆ. ತೆಳು ಕೂದಲು ಉದ್ದವಾದಷ್ಟೂ ತನ್ನದೇ ಭಾರಕ್ಕೆ ಮಲಗುತ್ತದೆ. ಎಣ್ಣೆ ಅಥವಾ ಜೆಲ್ ಹತ್ತಿಪ್ಪತ್ತು ಕೂದಲನ್ನು ಒಂದೇ ಎಳೆಯಾಗಿ ಅಂಟಿಸುವುದರಿಂದ ಎಳೆಗಳ ನಡುವೆ ಚರ್ಮ ಹೊಳೆಯುತ್ತದೆ. ಇನ್ನು ಗಾಳಿಯಂತ್ರಗಳು ತಿರುಗುವ ಗಜೇಂದ್ರಗಡದ ಗುಡ್ಡದ ಕಡೆ ಬೈಕ್ ಓಡಿಸಿದರೆ ಬಾಚಿದ್ದೆಲ್ಲ ಎದ್ದು ನಿಲ್ಲುತ್ತದೆ!

ಬದಲಿಗೆ ಏನು ಮಾಡಬಹುದು? 24ರ ಯುವಕನೊಬ್ಬನ ಎರಡೂ ಮೂಲೆ ಒಂದು ಬೆರಳಿನಷ್ಟು ಒಳಗೆ ಹೋಗಿವೆ, ನಡುವಿನ ಕೂದಲು ಚೆನ್ನಾಗಿದೆ ಎಂದುಕೊಳ್ಳಿ. ಕಟಿಂಗ್ ಅಂಗಡಿಯಲ್ಲಿ ಅವನು ಹೇಳಬೇಕಾದ್ದು ಇಷ್ಟೇ: "ಅಣ್ಣಾ, ಬದಿಗೆ ಎರಡನೇ ನಂಬರ್ ಮಷಿನ್ ಹಾಕ್ರಿ, ಮ್ಯಾಲೆ ಬರೇ ಕತ್ತರಿ." ಎರಡನೇ ನಂಬರ್ ಎಂದರೆ ಸುಮಾರು 6 ಮಿಲಿಮೀಟರ್. ಬದಿಯ ಕೂದಲು ಗಿಡ್ಡವಾದಾಗ ಪಕ್ಕದ ಖಾಲಿ ಮೂಲೆ ಎದ್ದು ಕಾಣುವುದಿಲ್ಲ. ಕಣ್ಣಿಗೆ ಬೀಳುವುದು ಖಾಲಿ ಜಾಗಕ್ಕಿಂತ ಹೆಚ್ಚಾಗಿ ದಟ್ಟ ಮತ್ತು ತೆಳುವಿನ ನಡುವಿನ ವ್ಯತ್ಯಾಸ. ಮೇಲೆ 3-4 ಸೆಂಟಿಮೀಟರ್ ಉಳಿಸಿ, ತುದಿಗಳನ್ನು ಏರುಪೇರಾಗಿ ಕತ್ತರಿಸಿ, ಮುಂದಕ್ಕೆ ಬೀಳುವಂತೆ ಬಿಟ್ಟರೆ ಮೂಲೆಗಳ ಗೆರೆ ಮಸುಕಾಗುತ್ತದೆ. ಎಣ್ಣೆ ಹಚ್ಚುವ ರೂಢಿಯಿದ್ದರೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆದು, ಪೂರ್ತಿ ಒಣಗಿಸಿ. ಹೊಳಪಿಲ್ಲದ ಹೇರ್ ವ್ಯಾಕ್ಸ್ ಕಡಲೆ ಕಾಳಿನಷ್ಟು ಸಾಕು.

ಹಣೆಯ ಗೆರೆಯನ್ನು ರೇಜರ್‌ನಿಂದ ನೇರ ಮಾಡಿಸುವುದು ಮಾತ್ರ ಬೇಡ. ಉಳಿದಿದ್ದ ಸಣ್ಣ ಕೂದಲೂ ಹೋಗುತ್ತದೆ, ಮೂರು ದಿನಕ್ಕೆ ಮೊಳಕೆಯೊಡೆದ ಗೆರೆ ಖಾಲಿ ಜಾಗವನ್ನೇ ಬೆರಳಿಟ್ಟು ತೋರಿಸುತ್ತದೆ. ಬೋಳಿಸಿದರೆ ದಟ್ಟ ಬೆಳೆಯುತ್ತದೆ ಎನ್ನುವುದೂ ಭ್ರಮೆ. ಬ್ಲೇಡ್ ಬೇರನ್ನು ಮುಟ್ಟುವುದೇ ಇಲ್ಲ.

ಈ ಕಟಿಂಗ್‌ಗೆ ಮಿತಿಯಿದೆ. ನಡುನೆತ್ತಿಯೂ ತೆಳುವಾಗಿದ್ದರೆ ಮುಂದಕ್ಕೆ ಬಾಚಲು ಕೂದಲೇ ಸಾಲದು, ಆಗ ತಲೆಯೆಲ್ಲ ಒಂದೇ ನಂಬರಿಗೆ ಇಳಿಸುವುದೇ ಚೆಂದ. ನಾಣ್ಯದಾಕಾರದಲ್ಲಿ ಉದುರಿದ್ದರೆ, ತುರಿಕೆ, ಹೊಟ್ಟು ಜೋರಾಗಿದ್ದರೆ ಅದು ಬೇರೆಯೇ ತೊಂದರೆ, ಚರ್ಮವೈದ್ಯರಿಗೆ ತೋರಿಸಿ. ಸರಿಯುವುದು ನಿಂತಿದೆಯೇ ಎಂದು ತಿಳಿಯಲು ಅದೇ ಕಿಟಕಿಯ ಬಳಿ, ಒಣ ಕೂದಲಿನಲ್ಲಿ, 6 ತಿಂಗಳಿಗೊಮ್ಮೆ ಫೋಟೊ ತೆಗೆದು ಹೋಲಿಸಿ. ಇನ್ನು ಬದಿಯ ಕೂದಲನ್ನು ಮೂರ್ನಾಲ್ಕು ವಾರಕ್ಕೊಮ್ಮೆ ಇಳಿಸುತ್ತಿರಬೇಕು, ಅದು ಬೆಳೆದಂತೆ ಮೂಲೆಗಳು ಮತ್ತೆ ಕಾಣತೊಡಗುತ್ತವೆ.